ಬಿಳಿ ಹಾಳೆ ಇಟ್ಟರೂ ಫೋಟೋ ಬೂದು ಬಣ್ಣ ಯಾಕೆ? ಫೋನು ಮತ್ತು ಎರಡು ಬಲ್ಬಿನಲ್ಲಿ ಮಾರಾಟದ ಫೋಟೋ ತೆಗೆಯುವ ಬಗೆ

ಆನ್‌ಲೈನ್‌ನಲ್ಲಿ ವಸ್ತು ಮಾರುವವರು ನನಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಹಿಂದೆ ಅಚ್ಚ ಬಿಳಿ ಹಾಳೆ ಇಟ್ಟಿದ್ದೇನೆ. ಕಣ್ಣಿಗೆ ಬೆಳ್ಳಗೇ ಕಾಣುತ್ತದೆ. ಫೋಟೋದಲ್ಲಿ ಮಾತ್ರ ಬೂದು ಬಣ್ಣ ಬರುತ್ತದೆ, ಕೆಲವು ಸಲ ಹಳದಿ. ಒಳ್ಳೆ ಫೋನ್ ತಗೋಬೇಕಾ?"

ಬೇಡ. ಈಗಿರುವ ಫೋನೇ ಸಾಕು. ತೊಂದರೆ ಇರುವುದು ಬೆಳಕಿನಲ್ಲಿ, ಮತ್ತು ಆ ಬೆಳಕನ್ನು ಫೋನ್ ಅಳೆಯುವ ರೀತಿಯಲ್ಲಿ. ಎದುರಿಗಿರುವುದು ಬಿಳಿ ಹಾಳೆ ಎಂದು ಫೋನಿಗೆ ಗೊತ್ತಾಗುವುದಿಲ್ಲ. ಅದು ಚಿತ್ರದ ಒಟ್ಟು ಬೆಳಕನ್ನು ನೋಡಿ, ತೀರಾ ಬೆಳಕೂ ಅಲ್ಲದ ತೀರಾ ಕತ್ತಲೂ ಅಲ್ಲದ ಮಧ್ಯದ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಚಿತ್ರದ ಮುಕ್ಕಾಲು ಭಾಗ ಬಿಳಿಯೇ ಇದ್ದರೆ "ಬೆಳಕು ಜಾಸ್ತಿಯಾಯಿತು" ಎಂದು ಎಲ್ಲವನ್ನೂ ಮಂಕು ಮಾಡುತ್ತದೆ. ಬಿಳಿ ಬೂದು ಆಗುವುದು ಹೀಗೆ. ಕಪ್ಪು ಬಟ್ಟೆಯ ಮೇಲೆ ಇಟ್ಟು ತೆಗೆದು ನೋಡಿ, ಇದರ ಉಲ್ಟಾ ಆಗುತ್ತದೆ. ಕಪ್ಪು ಬಟ್ಟೆ ಬೆಳ್ಳಗಾಗಿ ಬೂದು ಆಗಿರುತ್ತದೆ.

ಈ ಲೇಖನದಲ್ಲಿ ಒಂದೇ ವಸ್ತುವನ್ನು ಹಿಡಿದು ಮೊದಲಿಂದ ಕೊನೆಯವರೆಗೆ ಹೋಗೋಣ. ಸುಮಾರು 25 ಸೆಂಟಿಮೀಟರ್ ಎತ್ತರದ ನೀರಿನ ಬಾಟಲಿ. ಮೈಯೆಲ್ಲ ಹೊಳಪಿಲ್ಲದ ಹಸಿರು ಬಣ್ಣ, ಮುಚ್ಚಳ ಮಾತ್ರ ಥಳಥಳ ಸ್ಟೀಲು. ಬೇಕೆಂದೇ ಇದನ್ನು ಆರಿಸಿಕೊಂಡೆ. ಹೊಳಪಿಲ್ಲದ ಮೈ ಸುಲಭ, ಸ್ಟೀಲಿನ ಮುಚ್ಚಳ ಕಷ್ಟ. ಎರಡನ್ನೂ ಒಂದೇ ಫೋಟೋದಲ್ಲಿ ಸರಿಯಾಗಿ ತರಲು ಕಲಿತರೆ ಬೇರೆ ವಸ್ತುಗಳು ಇದಕ್ಕಿಂತ ಸಲೀಸು. ಗಾಜು ಮಾತ್ರ ಬೇರೆಯೇ ಕಥೆ. ಅದಕ್ಕೆ ಬೆಳಕು ಹಿಂದಿನಿಂದ ಬರಬೇಕು, ಇಲ್ಲಿ ಅದಕ್ಕೆ ಕೈಹಾಕುವುದಿಲ್ಲ.

ಏನೇನು ಬೇಕು

ದಪ್ಪನೆಯ ಬಿಳಿ ಚಾರ್ಟ್ ಹಾಳೆ 3, ಒಂದೇ ಬಗೆಯ ಎಲ್‌ಇಡಿ ಬಲ್ಬು 2, ಅವನ್ನು ಸಿಕ್ಕಿಸಲು ಟೇಬಲ್ ಲ್ಯಾಂಪು ಅಥವಾ ಹೋಲ್ಡರು. ತೆಳ್ಳಗಿನ ಬಿಳಿ ಬಟ್ಟೆ ಅಥವಾ ಟ್ರೇಸಿಂಗ್ ಪೇಪರ್. ಒಂದು ಬಿಳಿ ಥರ್ಮೋಕೋಲ್ ಹಲಗೆ, ಒಂದು ಕಪ್ಪು ಹಾಳೆ, ಸ್ವಲ್ಪ ರಟ್ಟು, ಟೇಪು, ಬಟ್ಟೆಗೆ ಹಾಕುವ ಕ್ಲಿಪ್ಪು. ಫೋನ್ ಅಲ್ಲಾಡದಂತೆ ನಿಲ್ಲಿಸಲು ಟ್ರೈಪಾಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪುಸ್ತಕದ ಅಟ್ಟಿಯೂ ನಡೆಯುತ್ತದೆ.

ಬಲ್ಬು ತರುವಾಗ ಡಬ್ಬದ ಮೇಲೆ ಎರಡು ಅಂಕಿ ನೋಡಿ. ಮೊದಲನೆಯದು K ಎಂದು ಕೊನೆಯಾಗುವ ಸಂಖ್ಯೆ. ಅದು ಬೆಳಕಿನ ಬಣ್ಣ. 2700K ಎಂದರೆ ಹಳದಿ ಬೆಳಕು, 5000K ದಾಟಿದರೆ ಹಗಲಿನಂಥ ಬಿಳಿ, 6500K ಎಂದರೆ ತುಸು ನೀಲಿಯ ಕಡೆಗೆ. 5000ದಿಂದ 6500ರ ನಡುವೆ ಯಾವುದಾದರೂ ಆಗಬಹುದು, ಆದರೆ ಎರಡೂ ಬಲ್ಬಿನದು ಒಂದೇ ಇರಬೇಕು. ಎರಡನೆಯದು CRI ಅಥವಾ Ra ಎಂಬ ಅಂಕಿ. ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದಕ್ಕೆ ಕೊಡುವ ಅಂಕ ಇದು, 100ಕ್ಕೆ. ಸಾಮಾನ್ಯ ಬಲ್ಬುಗಳದು 80ರ ಆಸುಪಾಸು ಇರುತ್ತದೆ. 90 ಅಥವಾ ಮೇಲಿನದು ಸಿಕ್ಕರೆ ಅದನ್ನೇ ತನ್ನಿ. ಕಡಿಮೆ ಅಂಕದ ಬಲ್ಬಿನಲ್ಲಿ ಮೊದಲು ಕೆಡುವುದು ಕೆಂಪು ಬಣ್ಣ. ಕೆಂಪು ಬಟ್ಟೆ, ಚರ್ಮದ ಚೀಲ, ಮರದ ಸಾಮಾನು ಇಂಥವು ಸತ್ತಂತೆ ಕಾಣುತ್ತವೆ, ಮತ್ತು ಆಮೇಲೆ ಎಡಿಟ್ ಮಾಡಿದರೂ ಅದು ಪೂರ್ತಿ ಸರಿಹೋಗುವುದಿಲ್ಲ. ವ್ಯಾಟಿನ ವಿಷಯಕ್ಕೆ ಬಂದರೆ 9 ವ್ಯಾಟಿನ ಎಲ್‌ಇಡಿ ಈ ಗಾತ್ರದ ವಸ್ತುವಿಗೆ ಸಾಕು.

1. ಕೋಣೆಯ ಉಳಿದ ಬೆಳಕೆಲ್ಲ ಆರಿಸಿ

ಇದು ಎಲ್ಲಕ್ಕಿಂತ ಸುಲಭದ ಹಂತ, ಜನ ಬಿಟ್ಟುಬಿಡುವುದೂ ಇದನ್ನೇ. ಮಾಡಿನ ದೀಪ ಆರಿಸಿ, ಕಿಟಕಿಗೆ ಪರದೆ ಎಳೆಯಿರಿ. ಕಿಟಕಿಯಿಂದ ಬರುವ ಬೆಳಕು ಒಂದು ಬಣ್ಣ, ಮಾಡಿನ ದೀಪ ಇನ್ನೊಂದು ಬಣ್ಣ, ನಿಮ್ಮ ಬಲ್ಬು ಮತ್ತೊಂದು. ಎಲ್ಲ ಸೇರಿದರೆ ಬಾಟಲಿಯ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಹಳದಿ ಆಗುತ್ತದೆ. ಎಡಿಟ್ ಮಾಡುವಾಗ ನೀಲಿ ತೆಗೆಯಲು ಹೋದರೆ ಹಳದಿ ಜಾಸ್ತಿಯಾಗುತ್ತದೆ, ಹಳದಿ ತೆಗೆದರೆ ನೀಲಿ.

ಕಿಟಕಿ ಬೆಳಕು ಚೆನ್ನಾಗಿದೆ, ಅದರಲ್ಲೇ ತೆಗೆಯುತ್ತೇನೆ ಎನ್ನುವಿರಾ? ಧಾರಾಳವಾಗಿ ತೆಗೆಯಿರಿ, ಆದರೆ ಆಗ ಬಲ್ಬು ಹಾಕಬೇಡಿ. ಇನ್ನೊಂದು ಮಾತು: ಮೋಡ ಸರಿದಂತೆ ಕಿಟಕಿ ಬೆಳಕು ಬದಲಾಗುತ್ತದೆ. ಇಪ್ಪತ್ತು ವಸ್ತುಗಳ ಫೋಟೋ ಒಂದೇ ಥರ ಬರಬೇಕೆಂದರೆ ಬಲ್ಬೇ ವಾಸಿ.

ಹತ್ತಿರದ ಗೋಡೆಗೆ ಗಾಢ ಬಣ್ಣ ಬಳಿದಿದ್ದರೆ, ನೀವು ಕೆಂಪು ಅಂಗಿ ಹಾಕಿದ್ದರೆ, ಆ ಬಣ್ಣವೂ ಬಿಳಿ ಹಾಳೆಯ ಮೇಲೆ ಬೀಳುತ್ತದೆ. ಬಿಳಿ ಅಥವಾ ಬೂದು ಅಂಗಿ ಹಾಕಿಕೊಂಡು ಕೂತರೆ ಆ ರಗಳೆ ಇಲ್ಲ.

2. ಹಾಳೆಯನ್ನು ಮಡಿಸದೆ ಬಾಗಿಸಿ

ಮೇಜನ್ನು ಗೋಡೆಗೆ ತಾಗಿಸಿ. ಒಂದು ಚಾರ್ಟ್ ಹಾಳೆಯ ಮೇಲಿನ ಅಂಚನ್ನು ಗೋಡೆಗೆ ಟೇಪು ಹಾಕಿ ಅಂಟಿಸಿ, ಕೆಳಗಿನ ಭಾಗ ಮೇಜಿನ ಮೇಲೆ ಮುಂದಕ್ಕೆ ಚಾಚಿಕೊಳ್ಳಲಿ. ಗೋಡೆ ಮತ್ತು ಮೇಜು ಸೇರುವ ಕಡೆ ಹಾಳೆ ಜಾರುಬಂಡೆಯಂತೆ ಬಾಗಿರಬೇಕು, ಮಡಿಕೆ ಬೀಳಬಾರದು. ಮಡಿಕೆ ಬಿದ್ದರೆ ಬಾಟಲಿಯ ಹಿಂದೆ ಒಂದು ಅಡ್ಡ ಗೆರೆ ಉಳಿಯುತ್ತದೆ.

ಬಾಟಲಿಯನ್ನು ಹಿಂದಿನ ಹಾಳೆಗೆ ಒತ್ತಿ ಇಡಬೇಡಿ. ನಡುವೆ 40 ಸೆಂಟಿಮೀಟರ್‌ ಆದರೂ ಜಾಗ ಬಿಡಿ. ಬಾಟಲಿಯ ನೆರಳು ಹಿಂದಿನ ಹಾಳೆಯ ಮೇಲೆ ಬೀಳದಿರಲು ಇದು ಬೇಕು. ಐದನೇ ಹಂತದಲ್ಲಿ ಎರಡನೇ ಬಲ್ಬು ಬರುವುದೂ ಈ ಜಾಗಕ್ಕೇ. ಒಂದು ಹಾಳೆಯ ಉದ್ದ ಸಾಲದಿದ್ದರೆ ಎರಡನ್ನು ಹಿಂಭಾಗದಿಂದ ಟೇಪು ಹಾಕಿ ಸೇರಿಸಿ, ಸೇರಿದ ಗೆರೆ ಬಾಟಲಿಯ ಮುಂದೆ, ಫೋಟೋದ ಆಚೆ ಬರುವಂತೆ ನೋಡಿಕೊಳ್ಳಿ.

3. ಒರೆಸಿ, ಮತ್ತೆ ಒರೆಸಿ

ಕಣ್ಣಿಗೆ ಕಾಣದ ಧೂಳು ಫೋಟೋದಲ್ಲಿ ಎದ್ದು ಕಾಣುತ್ತದೆ. ಕನ್ನಡಕ ಒರೆಸುವ ಬಟ್ಟೆಯಿಂದ ಬಾಟಲಿ ಒರೆಸಿ, ಆಮೇಲೆ ಮುಚ್ಚಳವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅದೇ ಬಟ್ಟೆಯಲ್ಲಿ ಫೋನಿನ ಲೆನ್ಸನ್ನೂ ಒರೆಸಿ. ಜೇಬಲ್ಲಿದ್ದ ಫೋನಿನ ಲೆನ್ಸಿನ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ. ಹಿಂದೆ ಬಿಳಿ ಬೆಳಕಿದ್ದಾಗ ಆ ಜಿಡ್ಡು ಇಡೀ ಚಿತ್ರದ ಮೇಲೆ ಮಂಜು ಕವಿದಂತೆ ಮಾಡುತ್ತದೆ.

4. ಮುಖ್ಯ ಬೆಳಕು: ದೊಡ್ಡದು ಮಾಡಿ, ಹತ್ತಿರ ತನ್ನಿ

ಬರಿ ಬಲ್ಬನ್ನು ಬಾಟಲಿಯ ಪಕ್ಕದಲ್ಲಿ ಹೊತ್ತಿಸಿ ನೋಡಿ. ಚಾಕುವಿನಿಂದ ಕತ್ತರಿಸಿದಂಥ ಕಪ್ಪು ನೆರಳು ಬೀಳುತ್ತದೆ, ಮೈಮೇಲೆ ಒಂದು ಬಿಳಿ ಚುಕ್ಕೆ ಕಣ್ಣಿಗೆ ಚುಚ್ಚುತ್ತದೆ. ಬಲ್ಬು ಚಿಕ್ಕದು, ಹಾಗಾಗಿ ಎಲ್ಲ ಬೆಳಕೂ ಒಂದೇ ಬಿಂದುವಿನಿಂದ ಬರುತ್ತಿದೆ. ನೆರಳು ಮೆತ್ತಗಾಗಬೇಕಾದರೆ ಬೆಳಕು ಬರುವ ಜಾಗ ದೊಡ್ಡದಾಗಬೇಕು. ಬಲ್ಬಿನ ವ್ಯಾಟ್ ಹೆಚ್ಚಿಸಿದರೆ ನೆರಳು ಮೆತ್ತಗಾಗುವುದಿಲ್ಲ, ಸುಮ್ನೆ ಇನ್ನೂ ಪ್ರಖರವಾಗುತ್ತದೆ.

ಹೀಗೆ ಮಾಡಿ. ರಟ್ಟಿನ ದೊಡ್ಡ ಚೌಕಟ್ಟು ಕತ್ತರಿಸಿ, ಒಳಗಿನ ತೆರವು ಸುಮಾರು 50 ಸೆಂಟಿಮೀಟರ್ ಅಗಲ, 60 ಎತ್ತರ ಇರಲಿ. ಅದಕ್ಕೆ ತೆಳ್ಳಗಿನ ಬಿಳಿ ಬಟ್ಟೆ ಅಥವಾ ಟ್ರೇಸಿಂಗ್ ಪೇಪರ್ ಬಿಗಿಯಾಗಿ ಅಂಟಿಸಿ. ಇದು ಡಿಫ್ಯೂಸರ್, ಅಂದರೆ ಬೆಳಕನ್ನು ಹರಡುವ ಪರದೆ. ಬಾಟಲಿಯ ಎಡಕ್ಕೆ, ಫೋಟೋದಲ್ಲಿ ಬೀಳದಷ್ಟು ಹತ್ತಿರ, ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಇದನ್ನು ನಿಲ್ಲಿಸಿ. ಬಲ್ಬನ್ನು ಪರದೆಯ ಆಚೆ ಇನ್ನೊಂದು 30 ಸೆಂಟಿಮೀಟರ್ ಹಿಂದಕ್ಕೆ, ಬಾಟಲಿಗಿಂತ ತುಸು ಎತ್ತರದಲ್ಲಿ ಇಡಿ. ಬಲ್ಬನ್ನು ಪರದೆಗೆ ತಾಗಿಸಿಟ್ಟರೆ ಪರದೆಯ ನಡುವೆ ತಟ್ಟೆಯಷ್ಟು ಜಾಗ ಮಾತ್ರ ಹೊಳೆಯುತ್ತದೆ. ಆಗ ಪರದೆ ಕಟ್ಟಿಯೂ ಉಪಯೋಗವಿಲ್ಲ. ಇಡೀ ಪರದೆ ಒಂದೇ ಸಮ ಬೆಳಗುವವರೆಗೆ ಬಲ್ಬನ್ನು ಹಿಂದೆ ಸರಿಸಿ.

ಎಚ್ಚರ: ಇಲ್ಲಿ ಎಲ್‌ಇಡಿ ಬಲ್ಬು ಮಾತ್ರ. ಹಳೆಯ ತಂತಿ ಬಲ್ಬು, ಹ್ಯಾಲೊಜೆನ್ ದೀಪಗಳು ಕಾಯುತ್ತವೆ. ಬಟ್ಟೆ, ಕಾಗದದ ಹತ್ತಿರ ಇಟ್ಟರೆ ಬೆಂಕಿ ಹೊತ್ತಬಹುದು.

ಪರದೆ ದೂರ ಹೋದಷ್ಟೂ ಬಾಟಲಿಯ ಕಣ್ಣಿಗೆ ಅದು ಚಿಕ್ಕದಾಗುತ್ತದೆ, ನೆರಳು ಮತ್ತೆ ಗಡುಸಾಗುತ್ತದೆ. ಬೆಳಕೂ ಬೇಗ ಕಡಿಮೆಯಾಗುತ್ತದೆ. ಬರಿ ಬಲ್ಬಿನ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ಪರದೆಗೆ ಈ ಲೆಕ್ಕ ಪಕ್ಕಾ ಹೊಂದುವುದಿಲ್ಲ, ಆದರೂ ಹತ್ತಿರ ಇದ್ದಷ್ಟೂ ಒಳ್ಳೆಯದು ಎಂಬುದು ಎರಡಕ್ಕೂ ನಿಜ.

ಈಗ ಬಾಟಲಿಯ ಬಲಗಡೆ ಕತ್ತಲಾಗಿ ಕಾಣುತ್ತದೆ, ಅಲ್ವಾ? ಅಲ್ಲಿಗೆ ಇನ್ನೊಂದು ಬಲ್ಬು ಹಾಕುವ ಆಸೆ ಬರುತ್ತದೆ. ಹಾಕಬೇಡಿ, ನೆರಳು ಎರಡಾಗುತ್ತದೆ. ಬಲಗಡೆ ಥರ್ಮೋಕೋಲ್ ಹಲಗೆ ನಿಲ್ಲಿಸಿ. ಎಡಗಡೆಯಿಂದ ಬಂದ ಬೆಳಕು ಅದಕ್ಕೆ ತಾಗಿ ಹಿಂದಿರುಗಿ ಆ ಕತ್ತಲೆಯನ್ನು ತುಂಬುತ್ತದೆ. ಹಲಗೆ ಹತ್ತಿರ ತಂದರೆ ನೆರಳು ತಿಳಿಯಾಗುತ್ತದೆ, ದೂರ ಸರಿಸಿದರೆ ದಟ್ಟವಾಗುತ್ತದೆ. ನೆರಳನ್ನು ಪೂರ್ತಿ ಅಳಿಸಲು ಹೋಗಬೇಡಿ. ಎರಡೂ ಕಡೆ ಸಮ ಬೆಳಕು ಬಿದ್ದರೆ ದುಂಡಗಿನ ಬಾಟಲಿ ರಟ್ಟಿನಲ್ಲಿ ಕತ್ತರಿಸಿದಂತೆ ಚಪ್ಪಟೆ ಕಾಣುತ್ತದೆ.

5. ಎರಡನೇ ಬಲ್ಬು ಹಿನ್ನೆಲೆಗೆ

ಬೂದು ಹಾಳೆಯ ಸಮಸ್ಯೆಗೆ ನಿಜವಾದ ಪರಿಹಾರ ಇಲ್ಲಿದೆ. ಬಾಟಲಿಯ ಮೇಲೆ ಬೀಳುವುದಕ್ಕಿಂತ ಹಿಂದಿನ ಹಾಳೆಯ ಮೇಲೆ ಬೀಳುವ ಬೆಳಕು ಹೆಚ್ಚಿರಬೇಕು. ಸುಮಾರು ಎರಡು ಪಟ್ಟು ಇದ್ದರೆ ಸರಿ. ಆಗ ಬಾಟಲಿಯ ಬಣ್ಣ ಸರಿಯಾಗಿ ಬರುವ ಹೊತ್ತಿಗೆ ಹಿನ್ನೆಲೆ ತಾನಾಗಿ ಬಿಳಿಗೆ ಮುಟ್ಟಿರುತ್ತದೆ. ಒಂದೇ ಬಲ್ಬಿನಲ್ಲಿ ಎಲ್ಲವನ್ನೂ ಮಾಡಲು ಹೋದರೆ, ಹಾಳೆ ಬೆಳ್ಳಗಾಗುವಷ್ಟು ಬೆಳಕು ಏರಿಸುವಾಗ ಹಸಿರು ಬಾಟಲಿಯೂ ಪೇಲವವಾಗಿಬಿಡುತ್ತದೆ.

ಎರಡನೇ ಬಲ್ಬನ್ನು ಬಲಗಡೆ, ಬಾಟಲಿಗಿಂತ ಹಿಂದೆ, ಥರ್ಮೋಕೋಲಿನ ಆಚೆ ಇಟ್ಟು ಗೋಡೆಯ ಹಾಳೆಯ ಕಡೆಗೆ ತಿರುಗಿಸಿ. ಇದಕ್ಕೆ ಪರದೆ ಬೇಡ. ಬಲ್ಬು ಮತ್ತು ಬಾಟಲಿಯ ನಡುವೆ ಒಂದು ರಟ್ಟು ಅಡ್ಡ ನಿಲ್ಲಿಸಿ, ಇಲ್ಲದಿದ್ದರೆ ಬಾಟಲಿಯ ಹಿಂದಿನ ಅಂಚಿಗೆ ನೇರ ಬೆಳಕು ಹೊಡೆದು ಬಿಳಿ ಗೆರೆ ಮೂಡುತ್ತದೆ. ಫೋನಿನ ಲೆನ್ಸಿಗೂ ಆ ಬಲ್ಬು ನೇರವಾಗಿ ಕಾಣಬಾರದು.

ಬಲ್ಬು ಹಾಳೆಗೆ ತೀರಾ ಹತ್ತಿರ ಇದ್ದರೆ ಒಂದು ಮೂಲೆ ಉರಿಯುವಂತೆ ಬೆಳ್ಳಗೆ, ಇನ್ನೊಂದು ಮೂಲೆ ಬೂದು ಆಗುತ್ತದೆ. ಬಲ್ಬನ್ನು ಸ್ವಲ್ಪ ದೂರ ಸರಿಸಿ, ಹಾಳೆಯ ದೂರದ ಅಂಚಿಗೆ ಗುರಿ ಹಿಡಿದರೆ ಹೆಚ್ಚುಕಡಿಮೆ ಸಮನಾಗುತ್ತದೆ.

6. ಫೋನು ಎಲ್ಲಿ ನಿಲ್ಲಬೇಕು

ಬಾಟಲಿ ದೊಡ್ಡದಾಗಿ ಕಾಣಲಿ ಎಂದು ಫೋನನ್ನು ಅದರ ಮೂಗಿನ ಹತ್ತಿರ ಹಿಡಿಯುತ್ತೇವೆ. ಆಗ ಮುಚ್ಚಳ ದಪ್ಪ, ತಳ ಸಣ್ಣ ಆಗಿ ಬಾಟಲಿ ವಕ್ರವಾಗುತ್ತದೆ. ಫೋನಿನ ಮುಖ್ಯ ಲೆನ್ಸು ಅಗಲವಾಗಿ ನೋಡುವಂಥದು, ಹತ್ತಿರದ ಭಾಗವನ್ನು ಹಿಗ್ಗಿಸಿ ತೋರಿಸುತ್ತದೆ. ಬದಲಿಗೆ ಸುಮಾರು ಒಂದು ಮೀಟರ್ ಹಿಂದೆ ನಿಲ್ಲಿಸಿ, ಫೋನಿನ ಪರದೆಯ ಮೇಲೆ 2x ಒತ್ತಿ. 0.5x ಕಡೆಗೆ ಹೋಗಲೇಬೇಡಿ. 2x ಒತ್ತಿದ ಚಿತ್ರ ಮಸುಕಾಗಿ ಕಂಡರೆ 1x ನಲ್ಲೇ ತೆಗೆದು ಆಮೇಲೆ ಸುತ್ತ ಕತ್ತರಿಸಿಕೊಳ್ಳಿ. ದೂರ ಮಾತ್ರ ಕಡಿಮೆ ಮಾಡಬೇಡಿ.

ಲೆನ್ಸು ಬಾಟಲಿಯ ನಡುಮಟ್ಟದಲ್ಲಿ ಇರಲಿ, ಫೋನು ನೆಟ್ಟಗೆ ನಿಂತಿರಲಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಗ್ರಿಡ್ ಹಾಕಿಕೊಂಡರೆ ಬಾಟಲಿಯ ಅಂಚನ್ನು ಆ ಗೆರೆಗೆ ಹೋಲಿಸಿ ವಾಲಿದೆಯಾ ಎಂದು ತಿಳಿಯಬಹುದು. 3 ಸೆಕೆಂಡಿನ ಟೈಮರ್ ಇಡಿ. ಬೆರಳು ಒತ್ತಿದಾಗ ಆಗುವ ಅಲುಗಾಟ ಅಷ್ಟರಲ್ಲಿ ನಿಲ್ಲುತ್ತದೆ. ಫ್ಲ್ಯಾಶ್ ಬೇಡ. ಪೋರ್ಟ್ರೇಟ್ ಮೋಡ್ ಕೂಡ ಬೇಡ, ಅದು ಹಿಂದಿನದನ್ನು ಮಸುಕು ಮಾಡುವಾಗ ಬಾಟಲಿಯ ಅಂಚನ್ನೂ ತಿಂದುಹಾಕುತ್ತದೆ. ನೈಟ್ ಮೋಡ್ ತಾನಾಗಿ ಹೊತ್ತಿಕೊಂಡರೆ ಬೆಳಕು ಸಾಲದು ಎಂದು ಅರ್ಥ. ಅದನ್ನು ಆಫ್ ಮಾಡಿ ಬಲ್ಬನ್ನು ಹತ್ತಿರ ತನ್ನಿ. ಕಡಿಮೆ ಬೆಳಕಿನಲ್ಲಿ ಫೋನು ಚಿತ್ರವನ್ನು ನುಣುಪು ಮಾಡಿಬಿಡುತ್ತದೆ, ಬಟ್ಟೆಯ ನೇಯ್ಗೆ, ಬಣ್ಣದ ತರಿ ಎಲ್ಲ ಮೇಣ ಸವರಿದಂತಾಗುತ್ತದೆ.

7. ಬೆಳಕಿನ ಅಳತೆ ನಿಮ್ಮ ಕೈಯಲ್ಲಿರಲಿ

ಫೋನಿನ ಪರದೆಯ ಮೇಲೆ ಬಾಟಲಿಯ ಮುಂಭಾಗವನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಐಫೋನಿನಲ್ಲಿ AE/AF LOCK ಎಂದು ಬರುತ್ತದೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಸಣ್ಣ ಬೀಗದ ಗುರುತು ಕಾಣುತ್ತದೆ. ಫೋಕಸ್ ಮತ್ತು ಬೆಳಕಿನ ಮಟ್ಟ ಎರಡೂ ಇನ್ನು ತಾನಾಗಿ ಬದಲಾಗುವುದಿಲ್ಲ ಎಂದು ಇದರ ಅರ್ಥ. ಪಕ್ಕದಲ್ಲಿ ಸೂರ್ಯನ ಗುರುತೋ ಜಾರಿಸುವ ಪಟ್ಟಿಯೋ ಇರುತ್ತದೆ. ಅದನ್ನು ನಿಧಾನವಾಗಿ ಮೇಲಕ್ಕೆ ಸರಿಸಿ. ಇದಕ್ಕೆ ಎಕ್ಸ್‌ಪೋಷರ್ ಎನ್ನುತ್ತಾರೆ, ಅಂದರೆ ಚಿತ್ರದೊಳಗೆ ಎಷ್ಟು ಬೆಳಕು ಬಿಡುತ್ತೇವೆ ಎಂಬುದು.

ಎಷ್ಟು ಸರಿಸಬೇಕು? ಹಾಳೆ ಬಿಳಿಯಾಗುವವರೆಗೆ ಎಂದು ಹೇಳಲು ಬಾಯಿಗೆ ಬರುತ್ತದೆ, ಆದರೆ ಅದು ತಪ್ಪು. ಬಾಟಲಿಯನ್ನೇ ನೋಡಿ. ಎದುರಿಗಿರುವ ನಿಜವಾದ ಬಾಟಲಿಯ ಹಸಿರು ಮತ್ತು ಪರದೆಯ ಮೇಲಿನ ಹಸಿರು ಒಂದೇ ಗಾಢತೆಗೆ ಬಂದ ಕೂಡಲೇ ನಿಲ್ಲಿಸಿ. ಅಂಕಿ ಕಾಣುವ ಫೋನಿನಲ್ಲಿ ಇದು ಸಾಮಾನ್ಯವಾಗಿ +0.7 ಮತ್ತು +1.3ರ ನಡುವೆ ಬರುತ್ತದೆ. ಆ ಹಂತದಲ್ಲಿ ಹಿನ್ನೆಲೆ ಇನ್ನೂ ಬೂದು ಇದ್ದರೆ ಎಕ್ಸ್‌ಪೋಷರ್ ಮುಟ್ಟಬೇಡಿ, ಐದನೇ ಹಂತಕ್ಕೆ ಹಿಂತಿರುಗಿ ಎರಡನೇ ಬಲ್ಬನ್ನು ಹಾಳೆಯ ಹತ್ತಿರ ತನ್ನಿ. ಹಿನ್ನೆಲೆ ಅತಿಯಾಗಿ ಉರಿದು ಬಾಟಲಿಯ ಅಂಚುಗಳನ್ನು ನುಂಗುತ್ತಿದ್ದರೆ ಆ ಬಲ್ಬನ್ನು ದೂರ ಸರಿಸಿ. ಬಾಟಲಿಯನ್ನು ಎಕ್ಸ್‌ಪೋಷರ್‌ನಿಂದ, ಹಿನ್ನೆಲೆಯನ್ನು ಬಲ್ಬಿನಿಂದ ಸರಿಮಾಡುವುದು. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ತಲೆ ಕೆಡುವುದಿಲ್ಲ.

ಫೋನಿನ ಪರದೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿಗಳು ಹರಿದಾಡುತ್ತಿವೆಯೇ? ಅದು ಬಲ್ಬಿನ ಮಿಣುಕು. ಕಣ್ಣಿಗೆ ಕಾಣದಷ್ಟು ವೇಗವಾಗಿ ಬಲ್ಬು ಹೊತ್ತಿ ಮಂಕಾಗುತ್ತಿರುತ್ತದೆ. ಮ್ಯಾನುಯಲ್ ಅಥವಾ ಪ್ರೊ ಮೋಡ್ ಇದ್ದರೆ ಷಟರ್ ವೇಗವನ್ನು 1/50 ಸೆಕೆಂಡಿಗೆ ಇಟ್ಟು ನೋಡಿ. 60 ಹರ್ಟ್ಸ್ ವಿದ್ಯುತ್ ಇರುವ ಕಡೆ 1/60. ಹಾಗೂ ಹೋಗದಿದ್ದರೆ ಬೇರೆ ಬಲ್ಬು ತನ್ನಿ, ಬೇರೆ ದಾರಿ ಇಲ್ಲ.

8. ಸ್ಟೀಲಿನ ಮುಚ್ಚಳ

ಇಷ್ಟು ಹೊತ್ತಿಗೆ ಬಾಟಲಿಯ ಹಸಿರು ಮೈ ಚೆನ್ನಾಗಿ ಬಂದಿರುತ್ತದೆ. ಮುಚ್ಚಳವನ್ನು ದೊಡ್ಡದು ಮಾಡಿ ನೋಡಿ. ಅದರಲ್ಲಿ ನಿಮ್ಮ ಮುಖ, ಫೋನು, ಹಿಂದಿನ ಬಾಗಿಲು ಎಲ್ಲ ಇರುತ್ತವೆ. ಮೊದಮೊದಲು ನಾನು ಇದಕ್ಕೆ ಬೆಳಕು ಹೆಚ್ಚಿಸುತ್ತಾ ಹೋಗುತ್ತಿದ್ದೆ. ಬೆಳಕು ಹೆಚ್ಚಿದಷ್ಟೂ ನನ್ನ ಮುಖ ಇನ್ನೂ ಸ್ಪಷ್ಟವಾಗಿ ಕಾಣಿಸತೊಡಗಿತು!

ಹೊಳೆಯುವ ಲೋಹಕ್ಕೆ ತನ್ನದೇ ಬಣ್ಣ ಎಂಬುದು ಇಲ್ಲವೆಂದೇ ತಿಳಿಯಿರಿ. ಅದು ಕನ್ನಡಿ. ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ದುಂಡಗಿನ ಮುಚ್ಚಳವಾದರೆ ಹೆಚ್ಚುಕಡಿಮೆ ಇಡೀ ಕೋಣೆಯನ್ನು ತೋರಿಸುತ್ತದೆ. ಹಾಗಾಗಿ ಮುಚ್ಚಳಕ್ಕೆ ಬೆಳಕು ಹಾಕುವ ಯೋಚನೆ ಬಿಡಿ, ಅದರ ಸುತ್ತ ಏನು ಇಡಬೇಕು ಎಂದು ಯೋಚಿಸಿ.

ಎಡಕ್ಕೆ ಪರದೆ ಇದೆ, ಬಲಕ್ಕೆ ಥರ್ಮೋಕೋಲ್ ಇದೆ. ಮೇಲುಗಡೆ ಒಂದು ಬಿಳಿ ಹಾಳೆಯನ್ನು ಮಾಡಿನಂತೆ ಹಾಸಿ. ಉಳಿದಿರುವುದು ಮುಂಭಾಗ. ಮೂರನೇ ಚಾರ್ಟ್ ಹಾಳೆಯಲ್ಲಿ ಫೋನಿನ ಲೆನ್ಸು ಹಿಡಿಸುವಷ್ಟೇ ತೂತು ಮಾಡಿ, ಅದನ್ನು ಫೋನಿನ ಮುಂದೆ ನಿಲ್ಲಿಸಿ ತೂತಿನ ಮೂಲಕ ಫೋಟೋ ತೆಗೆಯಿರಿ. ಈಗ ಮುಚ್ಚಳದಲ್ಲಿ ನೀವಿಲ್ಲ, ಲೆನ್ಸಿನ ಒಂದು ಸಣ್ಣ ಚುಕ್ಕೆ ಮಾತ್ರ. ಅದನ್ನು ಎಡಿಟ್‌ನಲ್ಲಿ ಅಳಿಸಬಹುದು.

ಆದರೆ ಈಗ ಇನ್ನೊಂದು ಫಜೀತಿ. ಸುತ್ತಲೂ ಬಿಳಿ ಆದದ್ದರಿಂದ ಮುಚ್ಚಳ ಬಿಳಿ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ, ಹಿನ್ನೆಲೆಯಲ್ಲಿ ಕರಗಿಯೂ ಹೋಗುತ್ತದೆ. ಲೋಹ ಲೋಹದಂತೆ ಕಾಣಲು ಅದರಲ್ಲಿ ಕಪ್ಪು ಗೆರೆ ಬೇಕು. ಕಪ್ಪು ಹಾಳೆಯಿಂದ 3 ಸೆಂಟಿಮೀಟರ್ ಅಗಲದ ಎರಡು ಪಟ್ಟಿ ಕತ್ತರಿಸಿ. ಬಾಟಲಿಯ ಎಡಕ್ಕೊಂದು ಬಲಕ್ಕೊಂದು, ಫೋಟೋದ ಅಂಚಿನಿಂದ ಸ್ವಲ್ಪವೇ ಆಚೆ, ನೆಟ್ಟಗೆ ನಿಲ್ಲಿಸಿ. ಮುಚ್ಚಳದ ಎರಡೂ ಅಂಚಿನಲ್ಲಿ ತೆಳ್ಳಗಿನ ಕಪ್ಪು ಗೆರೆ ಮೂಡುತ್ತದೆ, ಅದರೊಂದಿಗೆ ದುಂಡಾದ ಆಕಾರವೂ ಹೊಳಪೂ ಬರುತ್ತವೆ. ಪಟ್ಟಿಯನ್ನು ಒಂದೊಂದೇ ಸೆಂಟಿಮೀಟರ್ ಹಿಂದೆ ಮುಂದೆ ಸರಿಸುತ್ತಾ ಫೋನಿನ ಪರದೆಯಲ್ಲಿ ನೋಡುತ್ತಿರಿ. ನೀವು ನಿಂತ ಜಾಗದಿಂದ ಬರಿಗಣ್ಣಲ್ಲಿ ನೋಡಿದರೆ ಗೊತ್ತಾಗುವುದಿಲ್ಲ, ಲೆನ್ಸು ಇರುವ ಜಾಗದಿಂದ ಕಾಣುವ ಪ್ರತಿಬಿಂಬವೇ ಬೇರೆ. ಈ ಹೊಂದಾಣಿಕೆಗೆ ಹತ್ತು ನಿಮಿಷ ಹೋದರೂ ಬೇಸರ ಬೇಡ.

ಬಿಳಿ ಬಣ್ಣದ ವಸ್ತುವನ್ನು ಬಿಳಿ ಹಿನ್ನೆಲೆಯಲ್ಲಿ ತೆಗೆಯುವವರಿಗೂ ಇದೇ ಉಪಾಯ. ಎರಡೂ ಪಕ್ಕ ಕಪ್ಪು ಪಟ್ಟಿ ನಿಲ್ಲಿಸಿದರೆ ಬಿಳಿ ವಸ್ತುವಿನ ಅಂಚು ತುಸು ಗಾಢವಾಗಿ ಹಿನ್ನೆಲೆಯಿಂದ ಬೇರೆಯಾಗುತ್ತದೆ.

9. ಎಡಿಟ್: ಮೊದಲು ಬಣ್ಣ, ಆಮೇಲೆ ಬಿಳಿ

ನಾನು ಬಳಸುವುದು ಸ್ನ್ಯಾಪ್‌ಸೀಡ್ ಎಂಬ ಉಚಿತ ಆ್ಯಪ್. ಇಂಥದೇ ಉಪಕರಣ ಇರುವ ಬೇರೆ ಆ್ಯಪ್ ಆದರೂ ಸರಿ.

ಮೊದಲು White Balance ತೆರೆಯಿರಿ. ಇದು ಚಿತ್ರದ ನೀಲಿ, ಹಳದಿ ಛಾಯೆ ತೆಗೆಯುವ ಉಪಕರಣ. ಅದರಲ್ಲಿ ಡ್ರಾಪರಿನಂಥ ಗುರುತು ಒತ್ತಿ, ಹಾಳೆಯ ಮೇಲೆ ತುಸು ಬೂದಾಗಿರುವ ಜಾಗ, ಅಂದರೆ ಬಾಟಲಿಯ ಮುಂದಿನ ಹಾಳೆ, ಅದನ್ನು ತೋರಿಸಿ. ಪೂರ್ತಿ ಉರಿದು ಬಿಳಿಯಾದ ಜಾಗ ತೋರಿಸಬೇಡಿ, ಅಲ್ಲಿ ಬಣ್ಣದ ಸುಳಿವೇ ಉಳಿದಿರುವುದಿಲ್ಲ. ಬಾಟಲಿಯ ಹಸಿರು ಛಾಯೆ ಬಿದ್ದ ಜಾಗವೂ ಬೇಡ.

ಆಮೇಲೆ Curves. ಮೂಲೆಯಿಂದ ಮೂಲೆಗೆ ಒಂದು ಓರೆ ಗೆರೆ ಕಾಣುತ್ತದೆ. ಅದರ ಬಲ ತುದಿಯ ಮೇಲಿನ ಚುಕ್ಕೆಯನ್ನು ಹಿಡಿದು, ಮೇಲಿನ ಅಂಚಿಗೆ ಅಂಟಿಕೊಂಡೇ ಎಡಕ್ಕೆ ಸ್ವಲ್ಪ ಎಳೆಯಿರಿ. ಹೆಚ್ಚುಕಡಿಮೆ ಬಿಳಿ ಇದ್ದ ಜಾಗ ಪೂರ್ತಿ ಬಿಳಿಯಾಗುತ್ತದೆ. ಪೂರ್ತಿ ಬಿಳಿ ಎಂದರೆ ಕೆಂಪು, ಹಸಿರು, ನೀಲಿ ಮೂರೂ 255 ಇರುವುದು. ಅಮೆಜಾನ್ ತನ್ನ ಮುಖ್ಯ ಚಿತ್ರಕ್ಕೆ ಕೇಳುವುದು ಇದನ್ನೇ, RGB 255,255,255. ಬಲ್ಬುಗಳು ಸರಿಯಿದ್ದರೆ ಚುಕ್ಕೆಯನ್ನು ಬಹಳ ಎಳೆಯಬೇಕಾಗುವುದಿಲ್ಲ. ಬಹಳ ಎಳೆಯಬೇಕಾಗಿ ಬಂದು ಮುಚ್ಚಳದ ಅಂಚು ಮಾಯವಾಗತೊಡಗಿದರೆ ಎಡಿಟ್ ಬಿಟ್ಟು ಮತ್ತೆ ಫೋಟೋ ತೆಗೆಯಿರಿ. ಅದೇ ಬೇಗ ಆಗುವ ಕೆಲಸ.

ಬಿಳಿ ನಿಜವಾಗಿ ಬಿಳಿಯೇ ಎಂದು ಕಣ್ಣಿನಿಂದ ತಿಳಿಯುವುದು ಕಷ್ಟ. 245 ಕೂಡ ಬಿಳಿಯಂತೆಯೇ ಕಾಣುತ್ತದೆ. ಪರೀಕ್ಷೆ ಹೀಗೆ: ಮಾಡಿದ್ದನ್ನು ಉಳಿಸಿಕೊಂಡು ಮತ್ತೆ Curves ತೆರೆದು, ತುದಿಗಳನ್ನು ಮುಟ್ಟದೆ ಗೆರೆಯ ನಡುವೆ ಹಿಡಿದು ಜೋರಾಗಿ ಕೆಳಗೆಳೆಯಿರಿ. ಚಿತ್ರವೆಲ್ಲ ಕಪ್ಪಾಗುತ್ತದೆ, 255 ಇರುವ ಜಾಗ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅಡಗಿದ್ದ ಮೂಲೆಯ ಬೂದು, ಹಾಳೆಯ ಕಲೆ ಎಲ್ಲ ಆಗ ಎದ್ದು ಬರುತ್ತವೆ. ನೋಡಿಕೊಂಡು ಆ ಬದಲಾವಣೆ ರದ್ದು ಮಾಡಿ, ಬೂದು ಉಳಿದ ಜಾಗವನ್ನಷ್ಟೇ ಸರಿಮಾಡಿ.

ಹಿನ್ನೆಲೆಯನ್ನು ತಾನೇ ಕತ್ತರಿಸಿ ಕೊಡುವ ಆ್ಯಪ್‌ಗಳಿವೆಯಲ್ಲ, ಇಷ್ಟೆಲ್ಲ ಯಾಕೆ ಎಂದು ಕೇಳುತ್ತಾರೆ. ಬರಿ ಹಸಿರು ಮೈ ಆಗಿದ್ದರೆ ಅವು ಸಾಕು. ಬಿಳಿ ಪ್ರತಿಬಿಂಬ ತುಂಬಿದ ಸ್ಟೀಲಿನ ಮುಚ್ಚಳವನ್ನು ಮಾತ್ರ ಅವು ಹಿನ್ನೆಲೆ ಎಂದುಕೊಂಡು ಕಚ್ಚಿಬಿಡುತ್ತವೆ. ಬಾಟಲಿಯ ಬುಡದ ನೆರಳನ್ನೂ ತೆಗೆಯುತ್ತವೆ, ಆಗ ಬಾಟಲಿ ಗಾಳಿಯಲ್ಲಿ ತೇಲಿದಂತಿರುತ್ತದೆ.

10. ಕತ್ತರಿಸಿ ಏರಿಸುವ ಮೊದಲು

ಚೌಕಾಕಾರಕ್ಕೆ ಕತ್ತರಿಸಿ. ಅಮೆಜಾನ್‌ನ ಮುಖ್ಯ ಚಿತ್ರದಲ್ಲಿ ವಸ್ತು ಚೌಕಟ್ಟಿನ 85% ತುಂಬಿರಬೇಕು, ಬರಹ, ಲೋಗೋ, ವಾಟರ್‌ಮಾರ್ಕ್ ಹಾಕುವಂತಿಲ್ಲ. ಕೊಳ್ಳುವವರು ದೊಡ್ಡದು ಮಾಡಿ ನೋಡಬೇಕೆಂದರೆ ಉದ್ದನೆಯ ಬದಿ 1000 ಪಿಕ್ಸೆಲ್ ಆದರೂ ಇರಬೇಕು. ಇಬೇ ಕೇಳುವುದು ಕನಿಷ್ಠ 500. ನಿಯಮಗಳು ಆಗಾಗ ಬದಲಾಗುತ್ತವೆ, ಏರಿಸುವ ದಿನ ಒಮ್ಮೆ ಓದಿಕೊಳ್ಳಿ.

ಐಫೋನಿನವರು Settings ಒಳಗೆ Camera, Formats ತೆರೆದು Most Compatible ಆರಿಸಿದರೆ ಫೋಟೋ JPEG ಆಗಿ ಬರುತ್ತದೆ. ಇಲ್ಲದಿದ್ದರೆ HEIC ಆಗಿ ಉಳಿಯುತ್ತದೆ, ಅದನ್ನು ಎಲ್ಲ ಕಡೆ ಒಪ್ಪುವುದಿಲ್ಲ. ಫೋನಿನಿಂದ ಕಂಪ್ಯೂಟರಿಗೆ ಕಳಿಸುವಾಗ ಮೆಸೇಜ್ ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಬೇಡಿ, ಅದು ಹಿಂಡಿ ಚಿಕ್ಕದು ಮಾಡುತ್ತದೆ. ಕೇಬಲ್ ಹಾಕಿ, ಇಲ್ಲವೇ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ.

ಕೊನೆಗೆ ಬಣ್ಣದ ತಾಳೆ. ಫೋನಿನ ರಾತ್ರಿಯ ಹಳದಿ ಫಿಲ್ಟರ್ ಆಫ್ ಮಾಡಿ, ಬಾಟಲಿಯನ್ನು ಹಗಲಿನಲ್ಲಿ ಕಿಟಕಿಯ ಪಕ್ಕ ಇಟ್ಟು, ಅದರ ಬದಿಗೆ ಫೋನು ಹಿಡಿದು ಎರಡೂ ಹಸಿರನ್ನು ಹೋಲಿಸಿ. ಚಿತ್ರದ ಹಸಿರು ನಿಜವಾದ ಹಸಿರಿಗಿಂತ ಚೆಂದ ಕಂಡರೆ ಅದನ್ನು ಏರಿಸಬೇಡಿ. ಎಡಿಟ್‌ಗೆ ಹಿಂತಿರುಗಿ ಬಣ್ಣದ ಗಾಢತೆ ಇಳಿಸಿ. ಡಬ್ಬ ಬಿಚ್ಚಿದವರ ಕೈಗೆ ಬರುವುದು ಕಿಟಕಿಯ ಪಕ್ಕದಲ್ಲಿರುವ ಬಾಟಲಿ.